ಮನಸ್ಸಿನ ಅಸ್ವಾಸ್ಥ್ಯಕ್ಕೆ ರಜೆ: ಅರ್ಜಿಯಲ್ಲಿ ಏನನ್ನು ಬರೆಯಬೇಕು?

ಕಚೇರಿಯಲ್ಲಿ ಅನುಭವಿಸಿದ ಕಿರುಕುಳದಿಂದ ನಿದ್ರೆ ಕಳೆದುಕೊಂಡು, ಎದೆಬಡಿತ ಹೆಚ್ಚಿ, ಕೆಲಸದ ಬಾಗಿಲಿಗೆ ಹೋಗುವುದೇ ಭಯವೆನಿಸುವ ಸ್ಥಿತಿಯಲ್ಲಿ ಮನೋವೈದ್ಯರ ಬಳಿಗೆ ಬರುವವರು ಚಿಕಿತ್ಸೆಯ ಜೊತೆಗೆ ಒಂದು ಪ್ರಮಾಣಪತ್ರವನ್ನೂ ಕೇಳುತ್ತಾರೆ. ಕೇಳುವಾಗ ಅನೇಕರು ದನಿ ತಗ್ಗಿಸಿ ಹೇಳುವ ಮಾತು ಒಂದೇ: “ಜ್ವರ ಎಂದು ಬರೆದುಕೊಡಿ, ಸಾಕು.” ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ನೋವು ಉಕ್ಕಿಬಂದ ಗಳಿಗೆಯಲ್ಲಿ ನಾಲ್ಕು ಪುಟಗಳ ರಜೆಯ ಅರ್ಜಿ ಬರೆದು, ಅದರಲ್ಲಿ ಮೇಲಧಿಕಾರಿಯ ಹೆಸರು, ಆಡಿದ ಮಾತು, ತಮ್ಮ ಸಂಕಟ, ಸಂಸ್ಥೆಯ ಮೇಲಿನ ಆಕ್ರೋಶ ಎಲ್ಲವನ್ನೂ ತುಂಬಿರುತ್ತಾರೆ. ಈ ಎರಡೂ ದಾರಿಗಳು ಬರೆದವರಿಗೇ ಹಾನಿ ತರುತ್ತವೆ ಎಂಬುದು ನನ್ನ ಅಭಿಪ್ರಾಯ. ರಜೆಯ ಅರ್ಜಿಯಲ್ಲಿ ಕಿರುಕುಳದ ಉಲ್ಲೇಖ ಇರಬಹುದು; ಆದರೆ ಅದಕ್ಕೆ ಒಂದೇ ಒಂದು ವಾಕ್ಯ ಸಾಕು. ಆ ವಾಕ್ಯವನ್ನು ಹೇಗೆ ಬರೆಯಬೇಕು, ಉಳಿದದ್ದನ್ನು ಎಲ್ಲಿ ಬರೆಯಬೇಕು ಎಂಬುದೇ ಈ ಲೇಖನದ ವಿಷಯ.

ಎರಡು ತಪ್ಪು ದಾರಿಗಳು

ಮೊದಲು ಜ್ವರದ ಮಾತು. ಇಲ್ಲದ ಜ್ವರವನ್ನು ಬರೆಯುವುದು ವೈದ್ಯರಿಗೂ ನಿಯಮಬಾಹಿರ, ನೌಕರನಿಗೂ ನಿಯಮಬಾಹಿರ. ರಜೆಗಾಗಿ ಸುಳ್ಳು ಕಾರಣ ನೀಡಿದುದು ಬಯಲಾದರೆ ಅದೇ ಶಿಸ್ತುಕ್ರಮಕ್ಕೆ ಕಾರಣವಾಗಬಹುದು. ಅದಕ್ಕಿಂತ ದೊಡ್ಡ ನಷ್ಟವೊಂದಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಅಧಿನಿಯಮದ 15ನೆಯ ಪ್ರಕರಣವು, ಪರಿಹಾರದ ಮೊತ್ತವನ್ನು ನಿರ್ಧರಿಸುವಾಗ ನೊಂದ ಮಹಿಳೆಯ ಮಾನಸಿಕ ಯಾತನೆಯನ್ನೂ, ದೈಹಿಕ ಅಥವಾ ಮನೋವೈದ್ಯಕೀಯ ಚಿಕಿತ್ಸೆಗೆ ಆದ ವೆಚ್ಚವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳುತ್ತದೆ. ಮುಂದೊಂದು ದಿನ ವಿಚಾರಣೆ ನಡೆದಾಗ, ಆ ಹದಿನೈದು ದಿನ ತಾನು ಮನಸ್ಸಿನ ಬಾಧೆಗೆ ಚಿಕಿತ್ಸೆ ಪಡೆಯುತ್ತಿದ್ದೆನೆಂದು ಆಕೆ ಹೇಳಬೇಕಾಗುತ್ತದೆ. ಕಚೇರಿಯ ಕಡತದಲ್ಲಿ ಆಕೆಯದೇ ಸಹಿಯ ಕೆಳಗೆ “ಜ್ವರ” ಎಂದಿದ್ದರೆ ಆ ಮಾತನ್ನು ನಂಬುವವರು ಯಾರು?

ಇನ್ನು ನಾಲ್ಕು ಪುಟಗಳ ಅರ್ಜಿ. ರಜೆಯ ಅರ್ಜಿಯು ಎಷ್ಟು ಕೈಗಳನ್ನು ದಾಟುತ್ತದೆ ಎಂಬುದನ್ನು ಬರೆಯುವವರು ಯೋಚಿಸುವುದಿಲ್ಲ. ಅದು ಟಪಾಲು ಪಡೆಯುವ ಮೇಜಿಗೆ ಬರುತ್ತದೆ, ಸಿಬ್ಬಂದಿ ಶಾಖೆಯ ಗುಮಾಸ್ತರ ಕೈಗೆ ಹೋಗುತ್ತದೆ, ಹಾಜರಿ ಪುಸ್ತಕದ ಜೊತೆ ಸುತ್ತುತ್ತದೆ, ಕೊನೆಗೆ ಕೆಲವೊಮ್ಮೆ ಕಿರುಕುಳ ನೀಡಿದವರದೇ ಮೇಜಿನ ಮೇಲೆ ಮಂಜೂರಾತಿಗಾಗಿ ಕೂರುತ್ತದೆ. 2013ರ ಅಧಿನಿಯಮದ 16ನೆಯ ಪ್ರಕರಣವು ದೂರಿನ ಒಳವಿವರಗಳನ್ನೂ ದೂರು ನೀಡಿದವರ ಗುರುತನ್ನೂ ಬಹಿರಂಗಪಡಿಸಬಾರದೆಂದು ನಿರ್ಬಂಧಿಸುತ್ತದೆ. ಆ ರಕ್ಷಣೆ ಸಮಿತಿಗೆ ಕೊಟ್ಟ ದೂರಿಗೆ ಮತ್ತು ಅದರ ವಿಚಾರಣೆಗೆ ಸೇರಿದ್ದು. ರಜೆಯ ಅರ್ಜಿಯಲ್ಲಿ ಬರೆದ ಆರೋಪಕ್ಕೆ ಅದೇ ಭದ್ರತೆ ಸಿಗುವುದೆಂದು ನೆಚ್ಚಿ ಕುಳಿತುಕೊಳ್ಳಲಾಗದು. ಅಲ್ಲದೆ ನಿದ್ರೆಗೆಟ್ಟ ರಾತ್ರಿಯಲ್ಲಿ ಬರೆದ ಪತ್ರದಲ್ಲಿ ದಿನಾಂಕಗಳು ತಪ್ಪುತ್ತವೆ, ಘಟನೆಗಳು ಹಿಂದುಮುಂದಾಗುತ್ತವೆ. ವಾರಗಳ ನಂತರ ಸಮಾಧಾನದಿಂದ ಬರೆದ ದೂರಿಗೂ ಈ ಪತ್ರಕ್ಕೂ ಹೊಂದಾಣಿಕೆಯಾಗದಿದ್ದರೆ, ಎದುರು ಪಕ್ಷದವರು ಎತ್ತಿ ಹಿಡಿಯುವುದು ಆ ವ್ಯತ್ಯಾಸವನ್ನೇ.

ವೈದ್ಯರು ಯಾವುದಕ್ಕೆ ಸಾಕ್ಷಿ?

ಇಲ್ಲಿ ಒಂದು ಸೂಕ್ಷ್ಮವನ್ನು ಅರಿಯಬೇಕು. ವೈದ್ಯರು ರೋಗಿಯ ಸ್ಥಿತಿಗೆ ಸಾಕ್ಷಿ. ಕಚೇರಿಯಲ್ಲಿ ನಡೆದ ಘಟನೆಗೆ ಅವರು ಸಾಕ್ಷಿಯಲ್ಲ. ನಿದ್ರೆಯಿಲ್ಲದಿರುವುದು, ಆತಂಕ, ಅಳು, ಗಮನ ನಿಲ್ಲದಿರುವುದು, ಹಸಿವು ಕುಂದಿರುವುದು ಇವನ್ನು ಅವರು ಕೇಳಿ, ಪರೀಕ್ಷಿಸಿ ದಾಖಲಿಸಬಲ್ಲರು. ಒತ್ತಡದ ಘಟನೆಯೊಂದರ ಬಳಿಕ ಸುಮಾರು ಒಂದು ತಿಂಗಳೊಳಗೆ ಇಂತಹ ಲಕ್ಷಣಗಳು ಕಾಣಿಸಿಕೊಂಡು, ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ, ವೈದ್ಯರು ಅದನ್ನು “ಅಡ್ಜಸ್ಟ್‌ಮೆಂಟ್ ಡಿಸಾರ್ಡರ್”, ಅಂದರೆ ಹೊಂದಾಣಿಕೆಯ ತೊಂದರೆ ಎಂದು ಗುರುತಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಇದಕ್ಕೆ ಸ್ಥಾನವಿದೆ. ಒತ್ತಡವೂ ಅದರ ಪರಿಣಾಮಗಳೂ ಕೊನೆಗೊಂಡ ಮೇಲೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ಶಮನವಾಗುತ್ತದೆ. ಒತ್ತಡ ಮುಂದುವರಿದರೆ ತೊಂದರೆಯೂ ಮುಂದುವರಿಯಬಹುದು.

ಆದುದರಿಂದ ಉತ್ತಮ ಪ್ರಮಾಣಪತ್ರದಲ್ಲಿ ಮೂರು ಸಂಗತಿಗಳು ಇರುತ್ತವೆ: ಯಾವ ದಿನ ಪರೀಕ್ಷಿಸಲಾಯಿತು, ರೋಗಿ ಕೆಲಸಕ್ಕೆ ಹೋಗುವ ಸ್ಥಿತಿಯಲ್ಲಿದ್ದಾರೆಯೇ, ಎಷ್ಟು ದಿನಗಳ ವಿಶ್ರಾಂತಿ ಬೇಕು. ಕಾರಣದ ಬಗ್ಗೆ ವೈದ್ಯರು ಬರೆಯಲೇಬೇಕಾದರೆ, ತಮ್ಮ ಹೊರರೋಗಿ ಚೀಟಿಯಲ್ಲಿ “ಕೆಲಸದ ಸ್ಥಳದ ಒತ್ತಡದ ನಂತರ ಲಕ್ಷಣಗಳು ಆರಂಭವಾದುವೆಂದು ರೋಗಿ ತಿಳಿಸಿದ್ದಾರೆ” ಎಂದು ಬರೆಯುವುದು ಸರಿಯಾದ ಕ್ರಮ. “ಇಂತಹ ಅಧಿಕಾರಿಯ ಕಿರುಕುಳದಿಂದ ರೋಗ ಬಂದಿದೆ” ಎಂದು ಬರೆಸಿಕೊಳ್ಳಲು ಒತ್ತಾಯಿಸಬಾರದು. ತಾವು ಕಾಣದುದನ್ನು ಬರೆದ ವೈದ್ಯರ ಮಾತಿಗೆ, ತಾವು ಕಂಡುದನ್ನು ಹೇಳುವಾಗಲೂ ಬೆಲೆ ಕಡಿಮೆಯಾಗುತ್ತದೆ. ಆ ಹೊರರೋಗಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು, ಕಚೇರಿಗೆ ಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 23ನೆಯ ಪ್ರಕರಣವು ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ. ರಜೆಯ ನಮೂನೆಯಲ್ಲಿ ರೋಗದ ಹೆಸರಿಗೆ ಜಾಗವಿದ್ದರೆ, ಅಲ್ಲಿ ಏನನ್ನು ತುಂಬಬೇಕೆಂಬುದನ್ನು ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ತಾಲ್ಲೂಕು ಕೇಂದ್ರದ ಒಂದು ಪತ್ತಿನ ಸಹಕಾರ ಸಂಘ. ಹದಿನೆಂಟು ಮಂದಿ ಸಿಬ್ಬಂದಿ. ಅಲ್ಲಿಯ ನಗದು ಗುಮಾಸ್ತೆಗೆ ಜೂನ್ ತಿಂಗಳಿನಿಂದ ವ್ಯವಸ್ಥಾಪಕರು ರಾತ್ರಿ ವೇಳೆ ಅನುಚಿತ ಸಂದೇಶಗಳನ್ನು ಕಳುಹಿಸತೊಡಗುತ್ತಾರೆ. ಆಕೆ ಉತ್ತರಿಸದಿದ್ದಾಗ ಎಲ್ಲರೆದುರು ಹೀಯಾಳಿಸುತ್ತಾರೆ. ಕೊನೆಯ ಘಟನೆ ನಡೆದದ್ದು ಜುಲೈ 4ರಂದು. ಆ ತಿಂಗಳ ಎರಡನೆಯ ವಾರದಿಂದ ಆಕೆಗೆ ನಿದ್ರೆ ಹತ್ತುವುದಿಲ್ಲ, ನೋಟು ಎಣಿಸುವಾಗ ಕೈ ನಡುಗುತ್ತದೆ, ಎರಡು ಬಾರಿ ಲೆಕ್ಕ ತಪ್ಪುತ್ತದೆ. ಜುಲೈ 21ರಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಪರೀಕ್ಷಿಸಿ, ಔಷಧ ಮತ್ತು ಸಮಾಲೋಚನೆಯನ್ನು ಆರಂಭಿಸಿ, ಹದಿನೈದು ದಿನಗಳ ವಿಶ್ರಾಂತಿಯನ್ನು ಸೂಚಿಸುತ್ತಾರೆ.

ಆಕೆ ಮೊದಲು ಬರೆದ ಕರಡು ಹೀಗಿದೆಯೆಂದು ಭಾವಿಸೋಣ: “ವ್ಯವಸ್ಥಾಪಕರ ನಿರಂತರ ದೌರ್ಜನ್ಯದಿಂದ ನಾನು ಮಾನಸಿಕ ಅಸ್ವಸ್ಥಳಾಗಿದ್ದೇನೆ. ನನ್ನ ಈ ಸ್ಥಿತಿಗೆ ಅವರೇ ನೇರ ಹೊಣೆ. ನನಗೆ ಏನಾದರೂ ಆದರೆ ಸಂಘವೇ ಉತ್ತರಿಸಬೇಕು. ಆದ್ದರಿಂದ ರಜೆ ನೀಡಬೇಕು.”

ಈ ನಾಲ್ಕು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೂ ಪ್ರತಿಯೊಂದರಲ್ಲೂ ಒಂದೊಂದು ಬಿರುಕಿದೆ. “ಮಾನಸಿಕ ಅಸ್ವಸ್ಥಳು” ಎಂಬುದು ವೈದ್ಯರು ಹೇಳದ ಮಾತು. ಅದು ಆಕೆಯ ಸ್ಥಿತಿಯನ್ನು ವಿವರಿಸದೆ ಆಕೆಯ ಮೇಲೊಂದು ಹಣೆಪಟ್ಟಿಯನ್ನು ಅಂಟಿಸುತ್ತದೆ. ಮಾನಸಿಕ ಕಾಯಿಲೆ ಇದೆಯೆಂಬ ಒಂದೇ ಕಾರಣಕ್ಕೆ ವ್ಯಕ್ತಿಯನ್ನು ಬುದ್ಧಿ ಸ್ವಾಧೀನವಿಲ್ಲದವರೆಂದು ತಿಳಿಯಲಾಗದು ಎಂದು 2017ರ ಅಧಿನಿಯಮದ 3ನೆಯ ಪ್ರಕರಣ ಸ್ಪಷ್ಟಪಡಿಸಿದೆ. ಆದರೆ ಕಚೇರಿಯ ಜಗಲಿಯ ಮಾತುಕತೆಗೆ ಕಾನೂನು ತಿಳಿದಿರುವುದಿಲ್ಲ. “ನಿರಂತರ ದೌರ್ಜನ್ಯ” ಎಂಬುದರಲ್ಲಿ ದಿನಾಂಕವಿಲ್ಲ, ಘಟನೆಯಿಲ್ಲ. “ನೇರ ಹೊಣೆ” ಎಂಬುದು ವಿಚಾರಣೆಯ ಬಳಿಕ ಸಮಿತಿ ಹೇಳಬೇಕಾದ ತೀರ್ಮಾನ. “ಏನಾದರೂ ಆದರೆ” ಎಂಬ ಮಾತನ್ನು ಬೆದರಿಕೆಯೆಂದು ಓದುವವರೂ ಇರುತ್ತಾರೆ. ಇಷ್ಟೆಲ್ಲ ಬರೆದ ಮೇಲೂ ಎಷ್ಟು ದಿನಗಳ ರಜೆ, ಯಾವ ದಿನದಿಂದ, ಯಾರ ಸಲಹೆಯ ಮೇರೆಗೆ ಎಂಬುದು ಪತ್ರದಲ್ಲಿ ಇಲ್ಲವೇ ಇಲ್ಲ!

ಅದೇ ಸತ್ಯವನ್ನು ಹೀಗೆ ಬರೆಯಬಹುದು:

“ಗೆ, ಅಧ್ಯಕ್ಷರು, ಆಡಳಿತ ಮಂಡಳಿ.

ವಿಷಯ: ವೈದ್ಯಕೀಯ ಕಾರಣದ ಮೇಲೆ 15 ದಿನಗಳ ರಜೆ ಕೋರಿ.

ಮಾನ್ಯರೇ, ಜುಲೈ ಎರಡನೆಯ ವಾರದಿಂದ ನಾನು ನಿದ್ರಾಹೀನತೆ ಮತ್ತು ತೀವ್ರ ಆತಂಕದಿಂದ ಬಳಲುತ್ತಿದ್ದೇನೆ. ಜುಲೈ 21ರಂದು ಜಿಲ್ಲಾ ಆಸ್ಪತ್ರೆಯಲ್ಲಿ ತಜ್ಞ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡಿದ್ದು, ಚಿಕಿತ್ಸೆ ಆರಂಭವಾಗಿದೆ. ಜುಲೈ 22ರಿಂದ ಆಗಸ್ಟ್ 5ರವರೆಗೆ ವಿಶ್ರಾಂತಿ ಪಡೆಯುವಂತೆ ವೈದ್ಯರು ಸಲಹೆ ನೀಡಿದ್ದಾರೆ. ಈ ತೊಂದರೆಯು ಕೆಲಸದ ಸ್ಥಳದಲ್ಲಿ ನಾನು ಅನುಭವಿಸಿದ ಕಿರುಕುಳದ ನಂತರ ಆರಂಭವಾಗಿದ್ದು, ಆ ಕುರಿತು ಪ್ರತ್ಯೇಕವಾಗಿ ನಿಯಮಾನುಸಾರ ದೂರು ಸಲ್ಲಿಸುತ್ತಿದ್ದೇನೆ. ನನ್ನ ವಶದಲ್ಲಿದ್ದ ನಗದು ಪುಸ್ತಕ ಮತ್ತು ಬೀಗದ ಕೈಗಳನ್ನು ಜುಲೈ 21ರ ಸಂಜೆ ಲೆಕ್ಕಿಗರಿಗೆ ಒಪ್ಪಿಸಿ ಸಹಿ ಪಡೆದಿದ್ದೇನೆ. ಮೇಲ್ಕಂಡ ಅವಧಿಗೆ ರಜೆಯನ್ನು ಮಂಜೂರು ಮಾಡಬೇಕೆಂದೂ, ಆರೋಗ್ಯದ ವಿವರಗಳನ್ನು ಗೋಪ್ಯವಾಗಿ ಇರಿಸಬೇಕೆಂದೂ ಕೋರುತ್ತೇನೆ.

ಲಗತ್ತು: ವೈದ್ಯಕೀಯ ಪ್ರಮಾಣಪತ್ರ.”

ಇಲ್ಲಿ ಗಮನಿಸಬೇಕಾದ ಪದ “ನಂತರ” ಎಂಬುದು. “ಕಿರುಕುಳದಿಂದ” ಎಂದರೆ ಕಾರಣವನ್ನು ಸಾಧಿಸಿ ತೋರಿಸುವ ಹೊಣೆ ಆ ಪತ್ರದ ಮೇಲೆಯೇ ಬೀಳುತ್ತದೆ. “ಕಿರುಕುಳದ ನಂತರ” ಎಂದರೆ ಎರಡು ಸಂಗತಿಗಳ ಕಾಲಕ್ರಮವನ್ನು ಮಾತ್ರ ಹೇಳಿದಂತಾಗುತ್ತದೆ. ಅದನ್ನು ಆಕೆ ಸ್ವತಃ ಬಲ್ಲಳು, ಧೈರ್ಯವಾಗಿ ಹೇಳಬಲ್ಲಳು. “ನಾನು ಅನುಭವಿಸಿದ” ಎಂಬ ಮಾತು ಇದು ಆಕೆಯ ಹೇಳಿಕೆಯೆಂಬುದನ್ನು ತಿಳಿಸುತ್ತದೆ. ಹೆಸರಿಲ್ಲ, ವಿಶೇಷಣಗಳಿಲ್ಲ. ಆದರೂ ಮುಂದೆ ಕಡತವನ್ನು ತೆರೆದವರಿಗೆ ಸಂಬಂಧ ತಪ್ಪದೆ ಕಾಣುತ್ತದೆ: ಜುಲೈ 4ರ ಘಟನೆ, ಎರಡನೆಯ ವಾರದ ಲಕ್ಷಣಗಳು, 21ರ ತಪಾಸಣೆ, 22ರ ರಜೆ. ನಗದನ್ನು ಒಪ್ಪಿಸಿದ ವಾಕ್ಯವೂ ಸುಮ್ಮನೆ ಬಂದುದಲ್ಲ. ಲೆಕ್ಕ ಎರಡು ಬಾರಿ ತಪ್ಪಿರುವಾಗ, ಆಕೆಯಿಲ್ಲದ ವೇಳೆಯಲ್ಲಿ ಬೇರೆ ಕೊರತೆಗಳನ್ನೂ ಆಕೆಯ ತಲೆಗೆ ಕಟ್ಟದಂತೆ ಅದು ಕಾಯುತ್ತದೆ.

ಅರ್ಜಿಯನ್ನು ವ್ಯವಸ್ಥಾಪಕರಿಗೆ ಬರೆಯದೆ ಅಧ್ಯಕ್ಷರಿಗೆ ಬರೆದಿರುವುದಕ್ಕೂ ಕಾರಣವಿದೆ. ರಜೆ ಮಂಜೂರು ಮಾಡುವವರೇ ಕಿರುಕುಳ ನೀಡಿದವರಾದರೆ ಅವರಿಗಿಂತ ಮೇಲಿನವರಿಗೆ ಸಲ್ಲಿಸಬೇಕು. ಸರ್ಕಾರಿ ಕಚೇರಿಯಲ್ಲಿ ‘ಮೂಲಕ’ ಸಲ್ಲಿಸುವುದು ಕಡ್ಡಾಯವಾದರೆ, ಮೇಲಧಿಕಾರಿಗೆ ನೇರವಾಗಿ ಒಂದು ಮುಂಗಡ ಪ್ರತಿಯನ್ನು ಕಳುಹಿಸಬಹುದು. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಪಡೆಯಬೇಕು. ನಿರಾಕರಿಸಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿಯನ್ನು ಇಟ್ಟುಕೊಳ್ಳಬೇಕು.

ದೂರು ಕೊಡಬೇಕೋ ಬೇಡವೋ ಎಂಬ ನಿರ್ಧಾರ ಇನ್ನೂ ಆಗಿಲ್ಲದವರು ಕಿರುಕುಳದ ವಾಕ್ಯವನ್ನು ಬಿಟ್ಟು, “ವೈದ್ಯಕೀಯ ಕಾರಣ” ಎಂದಷ್ಟೇ ಬರೆಯಬಹುದು. ಅದು ಮೌನವೇ ಹೊರತು ಸುಳ್ಳಲ್ಲ. ಆದರೆ “ವೈಯಕ್ತಿಕ ಕಾರಣ” ಅಥವಾ “ಮನೆಯ ಸಮಸ್ಯೆ” ಎಂದು ತಿದ್ದಿ ಬರೆದುಕೊಡುವಂತೆ ಕಚೇರಿಯವರು ಹೇಳಿದರೆ ಒಪ್ಪಬಾರದು. ನಾಳೆ ಅದೇ ಪತ್ರವು “ತೊಂದರೆ ಇದ್ದುದು ಆಕೆಯ ಮನೆಯಲ್ಲಿ” ಎಂಬ ವಾದಕ್ಕೆ ಆಧಾರವಾಗುತ್ತದೆ.

ಅರ್ಜಿ ದೂರಾಗುವುದಿಲ್ಲ

ಎಲ್ಲಕ್ಕಿಂತ ಹೆಚ್ಚಿನ ಅಪಾಯ ಇರುವುದು ಇಲ್ಲಿ. ರಜೆಯ ಅರ್ಜಿಯಲ್ಲಿ ಕಿರುಕುಳದ ಮಾತನ್ನು ಬರೆದವರು, “ನಾನು ತಿಳಿಸಿಯಾಗಿದೆ, ಇನ್ನು ಅವರು ನೋಡಿಕೊಳ್ಳುತ್ತಾರೆ” ಎಂದು ನೆಮ್ಮದಿಯಾಗಿ ಕೂರುತ್ತಾರೆ. ಕಾನೂನಿನ ಗಡಿಯಾರ ಮಾತ್ರ ನಿಲ್ಲುವುದಿಲ್ಲ. 2013ರ ಅಧಿನಿಯಮದ 9ನೆಯ ಪ್ರಕರಣದಂತೆ ಘಟನೆ ನಡೆದ ಮೂರು ತಿಂಗಳೊಳಗೆ, ಘಟನೆಗಳ ಸರಣಿಯಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ, ಲಿಖಿತ ದೂರನ್ನು ಸಲ್ಲಿಸಬೇಕು. ಸಕಾಲದಲ್ಲಿ ಸಲ್ಲಿಸಲು ಅಡ್ಡಿಯಾದ ಪರಿಸ್ಥಿತಿ ಇತ್ತೆಂದು ಸಮಿತಿಗೆ ಮನವರಿಕೆಯಾದರೆ, ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ಕಾಲಾವಕಾಶವನ್ನು ವಿಸ್ತರಿಸಬಹುದು. ನಮ್ಮ ಉದಾಹರಣೆಯಲ್ಲಿ ಮೊದಲ ಗಡುವು ಅಕ್ಟೋಬರ್ ಆರಂಭಕ್ಕೆ ಮುಗಿಯುತ್ತದೆ. ಹದಿನೈದು ದಿನಗಳ ರಜೆ, ಅದರ ಮುಂದುವರಿಕೆ, ಹಬ್ಬಗಳ ನಡುವೆ ಅದು ಎಷ್ಟು ಬೇಗ ಬಂದುಬಿಡುತ್ತದೆ ಎಂಬುದನ್ನು ನೊಂದ ಮನಸ್ಸು ಅರಿಯುವುದಿಲ್ಲ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬಹುದು. ಹೆಸರು, ದಿನಾಂಕ, ಸಂದೇಶಗಳ ಪ್ರತಿ, ಸಾಕ್ಷಿಗಳ ವಿವರ ಇವೆಲ್ಲಕ್ಕೂ ತಕ್ಕ ಸ್ಥಳ ಆ ದೂರು. ಮನಸ್ಸಿನ ಸ್ಥಿತಿ ತೀರ ಕುಸಿದು ಸ್ವತಃ ದೂರು ನೀಡಲಾಗದಿದ್ದರೆ, ಆಕೆಯ ಬಂಧುಗಳು, ಸ್ನೇಹಿತರು ಅಥವಾ ಅರ್ಹ ಮನೋವೈದ್ಯರು ಆಕೆಯ ಪರವಾಗಿ ದೂರು ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ. ಮನೆಯವರು ಇದನ್ನು ತಿಳಿದಿರಬೇಕು.

ದೂರು ಸಲ್ಲಿಸಿದ ಮೇಲೆ ಇನ್ನೊಂದು ಬಾಗಿಲು ತೆರೆಯುತ್ತದೆ. 12ನೆಯ ಪ್ರಕರಣದಂತೆ ಆಕೆ ಬರಹದಲ್ಲಿ ಕೋರಿದರೆ, ವಿಚಾರಣೆ ನಡೆಯುವ ಕಾಲದಲ್ಲಿ ಆಕೆಯನ್ನಾಗಲಿ ಆರೋಪಿತರನ್ನಾಗಲಿ ಬೇರೆಡೆಗೆ ವರ್ಗಾಯಿಸಲು, ಅಥವಾ ಆಕೆಗೆ ಮೂರು ತಿಂಗಳವರೆಗೆ ರಜೆ ನೀಡಲು ಸಮಿತಿ ಶಿಫಾರಸು ಮಾಡಬಹುದು. ಈ ರಜೆಯನ್ನು ಆಕೆಯ ಖಾತೆಯಲ್ಲಿರುವ ರಜೆಯಿಂದ ಕಳೆಯುವಂತಿಲ್ಲ. ಇದನ್ನರಿಯದ ಎಷ್ಟೋ ಮಂದಿ ತಮ್ಮ ಗಳಿಕೆ ರಜೆಯನ್ನೆಲ್ಲ ಮುಗಿಸಿಕೊಂಡು, ಕೊನೆಗೆ ಸಂಬಳವಿಲ್ಲದ ರಜೆಗೆ ಇಳಿಯುತ್ತಾರೆ.

ಈ ಅಧಿನಿಯಮ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಮಾತ್ರ ಅನ್ವಯಿಸುತ್ತದೆ. ಪುರುಷರಿಗೆ, ಅಥವಾ ನಿಂದನೆ, ಅವಮಾನ, ಅಸಾಧ್ಯವಾದ ಕೆಲಸದ ಹೊರೆ ಇವುಗಳಿಂದ ನೊಂದವರಿಗೆ ಈ ಸಮಿತಿಯ ಮಾರ್ಗವಿಲ್ಲ. ಅವರು ಆಡಳಿತ ಮಂಡಳಿಗೆ ಅಥವಾ ಮೇಲಿನ ಅಧಿಕಾರಿಗಳಿಗೆ ದೂರು ನೀಡಬೇಕು. ರಜೆಯ ಅರ್ಜಿಯ ವಾಕ್ಯ ಮಾತ್ರ ಅವರಿಗೂ ಅದೇ.

ಅರ್ಜಿಯ ಮಿತಿ, ಪಡೆಯುವವರ ಹೊಣೆ

ಎಷ್ಟೇ ಚೆನ್ನಾಗಿ ಬರೆದರೂ ಅರ್ಜಿಗೆ ಒಂದು ಮಿತಿಯಿದೆ. ರಜೆ ನಿರಾಕರಣೆಯಾಗಬಹುದು, ಎರಡನೆಯ ವೈದ್ಯರ ಅಭಿಪ್ರಾಯವನ್ನು ಕಚೇರಿ ಕೇಳಬಹುದು. ಪ್ರಮಾಣಪತ್ರವೂ ಹೊರರೋಗಿ ಚೀಟಿಯೂ ಅರ್ಜಿಯೂ ಒಂದೇ ಮಾತನ್ನು ಹೇಳುತ್ತಿದ್ದರೆ ಆ ಪರೀಕ್ಷೆಗೆ ಹೆದರಬೇಕಾಗಿಲ್ಲ. ರಜೆ ಮುಗಿದು ಅದೇ ಮೇಜಿಗೆ, ಅದೇ ವ್ಯಕ್ತಿಯ ಎದುರಿಗೆ ಮರಳಬೇಕಾದರೆ ಹದಿನೈದು ದಿನಗಳ ವಿಶ್ರಾಂತಿಯ ಫಲ ಎರಡೇ ದಿನಗಳಲ್ಲಿ ಕರಗಬಹುದು. ಆದುದರಿಂದ ರಜೆ ಮುಗಿಯುವ ಮೊದಲೇ ವೈದ್ಯರನ್ನು ಮತ್ತೆ ಕಾಣಬೇಕು. ಮುಂದುವರಿಕೆ ಬೇಕಾದರೆ ಕೊನೆಯ ದಿನಕ್ಕೆ ಮುಂಚೆಯೇ ಕೋರಬೇಕು. ಜೀವ ಕಳೆದುಕೊಳ್ಳುವ ಆಲೋಚನೆ ಬರುತ್ತಿದ್ದರೆ ಅರ್ಜಿ, ದೂರು ಎಲ್ಲವೂ ಆಮೇಲಿನ ಮಾತು. ಅಂಥವರನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು.

ಈ ಪತ್ರಿಕೆಯ ಓದುಗರಲ್ಲಿ ಶಾಲೆಗಳ ಮುಖ್ಯೋಪಾಧ್ಯಾಯರು, ಸಂಘಗಳ ನಿರ್ದೇಶಕರು, ಅಂಗಡಿ ಕಾರ್ಖಾನೆಗಳ ಮಾಲೀಕರು ಅನೇಕರಿದ್ದಾರೆ. ಇಂತಹ ಅರ್ಜಿ ಒಂದು ದಿನ ತಮ್ಮ ಮೇಜಿಗೂ ಬರಬಹುದು. ಬಂದಾಗ ಮಾಡಬೇಕಾದುದು ಮೂರೇ ಕೆಲಸ. ಹಾಜರಿ ಪುಸ್ತಕದಲ್ಲಿ “ವೈದ್ಯಕೀಯ ರಜೆ” ಎಂದಷ್ಟೇ ಬರೆಯಿಸಿ, ಅರ್ಜಿಯನ್ನೂ ಪ್ರಮಾಣಪತ್ರವನ್ನೂ ಮುಚ್ಚಿದ ಲಕೋಟೆಯಲ್ಲಿ ಇರಿಸಿ. ಆ ಒಂದು ವಾಕ್ಯವನ್ನು ತೆಗೆದುಹಾಕುವಂತೆ ಹೇಳಬೇಡಿ. ಸಮಿತಿಯ ಸದಸ್ಯರು ಯಾರು, ದೂರನ್ನು ಯಾವ ದಿನಾಂಕದೊಳಗೆ ಕೊಡಬೇಕು ಎಂಬುದನ್ನು ಅರ್ಜಿದಾರರಿಗೆ ಬರಹದಲ್ಲಿ ತಿಳಿಸಿ. ಸಮಿತಿಯ ರಚನೆಯ ಆದೇಶವನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸುವುದು ಕಾನೂನಿನ ಆಜ್ಞೆ. ತಮ್ಮ ಸಂಸ್ಥೆಯ ಗೋಡೆಯ ಮೇಲೆ ಆ ಹಾಳೆ ಇದೆಯೇ ಎಂದು ನಾಳೆಯೇ ನೋಡಿಬಿಡಿ. ಇಲ್ಲದಿದ್ದರೆ, ಅರ್ಜಿ ಬರುವುದಕ್ಕೆ ಮುಂಚೆಯೇ ಸಮಿತಿಯನ್ನು ರಚಿಸಿ ಆ ಹಾಳೆಯನ್ನು ಅಂಟಿಸಿ.